ಗೆರೆಯಾಚೆಯಿಂದ ಕೂಗುವ ಬದಲು ಪ್ರಶ್ನೆ

ಪ್ರಶ್ನೆ: ಹತ್ತು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡ್ತೀನಿ. ಮ್ಯಾಚ್‌ನಲ್ಲಿ ಕೂಗದೆ, ಪ್ರಶ್ನೆ ಕೇಳಿ ತಿದ್ದೋದು ಹೇಗೆ?

ಚೆಂಡು ಆಟದಲ್ಲಿರುವಾಗ ಏನೂ ಕೇಳಬೇಡಿ. ಚೆಂಡು ಹೊರಹೋದಾಗ ಹತ್ತಿರವಿರುವ ಒಬ್ಬನಿಗೆ ಒಂದೇ ಪ್ರಶ್ನೆ ಸಾಕು. ಬದಲಿ ಆಟಗಾರನಿಗೆ ಜಾಗ ಬಿಟ್ಟು ಹೊರಬಂದವನನ್ನು ಕೇಳಿದರೆ ಇನ್ನೂ ಒಳ್ಳೆಯದು.

ಮಿಡ್‌ಫೀಲ್ಡರ್ ಹುಡುಗ ಪಾಸ್ ತಗೊಂಡು ತಿರುಗಿದ ಕೂಡಲೇ ಹಿಂದಿದ್ದ ಎದುರಾಳಿಗೆ ಚೆಂಡು ಕಳೆದುಕೊಳ್ಳುತ್ತಿದ್ದಾನೆ ಅನ್ನಿ. 'ತಿರುಗಬೇಡ!' ಎಂದು ಕೂಗಿದರೆ ಮುಂದಿನ ಸಲ ಹಿಂದೆ ಯಾರೂ ಇಲ್ಲದಿದ್ದರೂ ತಿರುಗುವುದಿಲ್ಲ. 'ಯಾಕೆ ತಿರುಗಿದೆ?' ಅನ್ನುವುದೂ ಮಗುವಿನ ಕಿವಿಗೆ ಬೈಗುಳವೇ; ತಲೆ ತಗ್ಗಿಸಿ 'ಸಾರಿ ಸರ್' ಅನ್ನುತ್ತಾನೆ, ಅಷ್ಟೆ. 'ಚೆಂಡು ಬರೋ ಮುಂಚೆ ಹಿಂದೆ ಯಾರಿದ್ರು?' ಎಂದು ಕೇಳಿ. ಮೂರ್ನಾಲ್ಕು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ (ಕೋಚ್‌ಗಳಿಗೆ ಇದೇ ಕಷ್ಟ). 'ನೋಡ್ಲಿಲ್ಲ' ಅಂದರೆ ಅವನ ತೊಂದರೆ ಕಾಲಲ್ಲಿಲ್ಲ, ಕಣ್ಣಲ್ಲಿದೆ. 'ಹಾಗಾದ್ರೆ ಯಾವಾಗ ನೋಡಬಹುದಿತ್ತು?' ಅನ್ನಿ. 'ಪಾಸ್ ನನ್ನ ಕಡೆ ಬರ್ತಿರುವಾಗ' ಎಂದರೆ ಸಾಕು, ಒಳಗೆ ಕಳಿಸಿ. ಅವನು ಭುಜದ ಮೇಲಿಂದ ಹಿಂದೆ ನೋಡುತ್ತಾನಾ ಎಂದಷ್ಟೇ ಗಮನಿಸಿ. ಆಮೇಲೂ ಚೆಂಡು ಹೋಗಬಹುದು, ಹೋಗಲಿ.

ಉತ್ತರಿಸುವ ಬದಲು ನಿಮ್ಮ ಮುಖ ನೋಡುತ್ತಿದ್ದರೆ, ನಿಮಗೆ ಬೇಕಾದ ಉತ್ತರ ಹುಡುಕುತ್ತಿದ್ದಾನೆ ಎಂದರ್ಥ. ಆಗ ಎರಡು ಆಯ್ಕೆ ಕೊಡಿ: 'ತಿರುಗೋದಾ, ವಾಪಸ್ ಕೊಡೋದಾ?' ನಿಯಮ ಗೊತ್ತಿಲ್ಲದ ಮಗುವಿಗೆ ಮಾತ್ರ ಪ್ರಶ್ನೆ ಬೇಡ, ನೇರವಾಗಿ ಹೇಳಿಬಿಡಿ.