ಮೊದಲ ಚಾಟ್‌ನಲ್ಲೇ ಕರೆಂಟ್ ಸಿಟಿಸಿ ಕೇಳಿದರೆ ಏನು ಹೇಳೋದು?

"ಬೆಂಗಳೂರಲ್ಲಿ ಬ್ಯಾಕೆಂಡ್ ಡೆವಲಪರ್, 4 ವರ್ಷ ಅನುಭವ, ಈಗ 9.2 ಲಕ್ಷ. ಹೊಸ ಕೆಲಸಕ್ಕೆ ವಾಟ್ಸಾಪಲ್ಲಿ ಮಾತಾಡಿಸಿದ ರಿಕ್ರೂಟರ್ ಮೊದಲೇ ಕರೆಂಟ್ ಸಿಟಿಸಿ ಕೇಳ್ತಿದ್ದಾರೆ. ಹೇಳೋಕೆ ಇಷ್ಟ ಇಲ್ಲ, ಹಾಗಂತ ಅವಕಾಶವೂ ತಪ್ಪಬಾರದು. ಏನಂತ ಉತ್ತರ ಕೊಡಲಿ?"

ನಾನು ಮೊದಲು ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್ ಆಗಿದ್ದೆ, ಈಗ ಒಂದು ಕಂಪನಿಯೊಳಗೇ ಅದೇ ಕೆಲಸ ಮಾಡ್ತೀನಿ. ನಿಮಗೆ ಮೆಸೇಜ್ ಹಾಕಿದ ರಿಕ್ರೂಟರ್ ಮುಂದೆ ಒಂದು ಎಕ್ಸೆಲ್ ಶೀಟ್ ಇರುತ್ತೆ. ಒಟ್ಟು ಅನುಭವ, ಕರೆಂಟ್ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್, ಊರು ಅಂತ ಕಾಲಂಗಳು. ಅವರಿಗೆ ಅರ್ಜೆಂಟಾಗಿ ಬೇಕಿರೋದು, ನೀವು ಅವರ ಬಜೆಟ್ಟಿಗೆ ಬರ್ತೀರಾ ಇಲ್ವಾ ಅನ್ನೋದು. ಅದಕ್ಕೆ ನಿಮ್ಮ ನಿರೀಕ್ಷೆ ತಿಳಿದರೆ ಸಾಕು, ಈಗಿನ ಸಂಬಳ ಬೇಕಾಗಲ್ಲ.

9.2 ಅಂತ ಒಮ್ಮೆ ಶೀಟಿಗೆ ಬಿದ್ದರೆ ಲೆಕ್ಕ ಅಲ್ಲಿಂದಲೇ ಶುರು. 30% ಹೈಕ್ ಕೊಟ್ಟರೂ ಸುಮಾರು 12 ಲಕ್ಷ. ನೀವು 15 ಕೇಳಿದರೆ ಅದು 63% ಹೈಕ್ ಅಂತ ಕಾಣುತ್ತೆ, ಆ ಹುದ್ದೆಗೆ 16ರವರೆಗೆ ಬಜೆಟ್ ಇದ್ದರೂ ಅಪ್ರೂವಲ್ ಕೊಡುವವರು ಹುಬ್ಬೇರಿಸ್ತಾರೆ.

ಹಾಗಾಗಿ ಈಗಿನ ಸಂಬಳ ಹೇಳಬೇಡಿ, ಆದರೆ "ಹೇಳಲ್ಲ" ಅನ್ನೋ ಒಂದೇ ಮಾತಿನ ಉತ್ತರವನ್ನೂ ಕಳಿಸಬೇಡಿ. ಚಾಟಲ್ಲಿ ಅದು ಒರಟಾಗಿ ಕೇಳುತ್ತೆ. ಮಿಕ್ಕ ಕಾಲಂಗಳನ್ನೆಲ್ಲ ನೀವೇ ತುಂಬಿಕೊಟ್ಟು, ಅದರ ಮಧ್ಯೆ ಇದನ್ನ ಹೇಳಿ. ನಾನಾಗಿದ್ದರೆ ಹೀಗೆ ಬರೀತೀನಿ:

"ನಮಸ್ತೆ ಮೇಡಂ. 4 ವರ್ಷ ಅನುಭವ, ನೋಟಿಸ್ 60 ದಿನ, ವಾರಕ್ಕೆ ಮೂರು ದಿನ ಆಫೀಸಿಗೆ ಬರೋಕೆ ತೊಂದರೆ ಇಲ್ಲ. ಈ ಹುದ್ದೆಗೆ ನನ್ನ ನಿರೀಕ್ಷೆ 15ರಿಂದ 17 ಲಕ್ಷ, ಫಿಕ್ಸೆಡ್. ಈಗಿನ ಸಂಬಳ ಈ ಹಂತದಲ್ಲಿ ಹೇಳ್ತಿಲ್ಲ. ನಿಮ್ಮ ಬಜೆಟ್ ಈ ರೇಂಜಲ್ಲಿ ಇದೆಯಾ? ಇದ್ದರೆ ಗುರುವಾರ ಸಂಜೆ 6ರ ನಂತರ ಮಾತಾಡಬಹುದು."

ಇದರಲ್ಲಿ "ಫಿಕ್ಸೆಡ್" ಅನ್ನೋದನ್ನ ಬಿಡಬೇಡಿ. ಅದಿಲ್ಲದಿದ್ದರೆ ವೇರಿಯಬಲ್, ಜಾಯಿನಿಂಗ್ ಬೋನಸ್, ಗ್ರಾಚ್ಯುಟಿ ಎಲ್ಲ ಸೇರಿಸಿ 15 ಮಾಡಿ ತೋರಿಸ್ತಾರೆ. ಕೊನೆಯ ಪ್ರಶ್ನೆಯೂ ಮುಖ್ಯ, ಅದರಿಂದ ಮಾತು ನಿಮ್ಮ ಸಂಬಳ ಬಿಟ್ಟು ಅವರ ಬಜೆಟ್ ಕಡೆ ಹೊರಳುತ್ತೆ.

ಇದನ್ನ ಕಳಿಸೋಕೆ ಮುಂಚೆ ನಿಮ್ಮ ನೌಕ್ರಿ ಪ್ರೊಫೈಲ್ ಒಮ್ಮೆ ತೆಗೆದು ನೋಡಿ. ಅಲ್ಲಿ ಸಂಬಳ ತುಂಬಿದ್ದರೆ ರಿಕ್ರೂಟರ್‌ಗೆ ಅದು ಆಗಲೇ ಕಾಣ್ತಿರುತ್ತೆ. ಎರಡು ವರ್ಷದ ಹಿಂದೆ ಹಾಕಿದ 6 ಲಕ್ಷ ಇನ್ನೂ ಅಲ್ಲೇ ಕೂತಿದ್ದರೆ ಇಲ್ಲಿ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ!

ಎರಡನೇ ಸಲ ಕೇಳೇ ಕೇಳ್ತಾರೆ: "ಫಾರಂ ಮುಂದೆ ಹೋಗಲ್ಲ ಸರ್, ಮ್ಯಾಂಡೇಟರಿ." ಎಷ್ಟೋ ಸಲ ಅದು ನಿಜ. ಆಗ "ನಿಮ್ಮ ಕಷ್ಟ ಅರ್ಥ ಆಗುತ್ತೆ, ಆ ಜಾಗದಲ್ಲಿ ನನ್ನ ನಿರೀಕ್ಷೆಯನ್ನೇ ಹಾಕಿ, ಕರೆಂಟ್ ಹೇಳಿಲ್ಲ ಅಂತ ರಿಮಾರ್ಕ್ಸಲ್ಲಿ ಬರೀರಿ" ಅನ್ನಿ. ಅವರಿಗೊಂದು ದಾರಿ ಸಿಗುತ್ತೆ, ನಿಮ್ಮ ಮಾತೂ ಉಳಿಯುತ್ತೆ. ಆದರೆ ರಿಮಾರ್ಕ್ಸ್ ಇಲ್ಲದೆ ನೀವೇ ಅಲ್ಲಿ 14 ಅಂತ ತುಂಬಿದರೆ ಅದು ಸುಳ್ಳಾಗುತ್ತೆ. ಆಫರ್ ಹೊತ್ತಿಗೆ ಮೂರು ತಿಂಗಳ ಪೇಸ್ಲಿಪ್ ಕೇಳೋದು ನಮ್ಮಲ್ಲಿ ಮಾಮೂಲು, ಅಲ್ಲಿ ಸಿಕ್ಕಿಬಿದ್ದರೆ ಕೊಟ್ಟ ಆಫರನ್ನೂ ವಾಪಸ್ ತಗೊಳ್ಳಬಹುದು.

"ಹೇಳಬಾರದು ಅಂತ ಕಂಪನಿ ರೂಲ್ ಇದೆ" ಅನ್ನೋ ಕಾರಣ, ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಲ್ಲಿ ಸಂಬಳ ಗೌಪ್ಯ ಅನ್ನೋ ಷರತ್ತು ನಿಜವಾಗಿ ಇದ್ದರೆ ಮಾತ್ರ ಬಳಸಿ. ಬಹಳ ಲೆಟರ್‌ಗಳಲ್ಲಿ ಇರುತ್ತೆ, ಓದಿ ನೋಡಿ. ಕಾನೂನಿನ ಮಾತು ಎತ್ತಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆ ಸಂಬಳ ಕೇಳುವ ಹಾಗಿಲ್ಲ, ಆದರೆ ಇಲ್ಲಿ ಕೇಳಬಾರದು ಅನ್ನೋ ಅಂಥ ಕಾಯ್ದೆ ಇಲ್ಲ.

ಕೇಳ್ತಿರೋದು ಕನ್ಸಲ್ಟೆನ್ಸಿಯವರೋ ಕಂಪನಿಯವರೋ ಅನ್ನೋದನ್ನೂ ಕೇಳಿ ತಿಳ್ಕೊಳ್ಳಿ. ಕನ್ಸಲ್ಟೆನ್ಸಿಗೆ ಸಿಗೋ ಫೀಸು ಸಾಮಾನ್ಯವಾಗಿ ನಿಮ್ಮ ಹೊಸ ಸಿಟಿಸಿಯ ಮೇಲೆ, 8.33% ಅಂದರೆ ಒಂದು ತಿಂಗಳ ಸಂಬಳದಷ್ಟು. ನಿಮ್ಮ ಆಫರ್ ಕಡಿಮೆ ಆದರೆ ಅವರಿಗೂ ನಷ್ಟವೇ, ಹಾಗಾಗಿ "ಕ್ಲೈಂಟ್ ಬಜೆಟ್ ಎಷ್ಟು?" ಅಂತ ಕೇಳಿದರೆ ಬಹಳ ಜನ ಹೇಳಿಬಿಡ್ತಾರೆ.

ಇಷ್ಟಾದರೂ ಕೆಲವು ಕಡೆ ಇದು ನಡೆಯಲ್ಲ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹಳೆ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತಲೇ ಆಫರ್ ಮಾಡೋದು ಹೆಚ್ಚು, ಅಲ್ಲಿ ಮೂರನೇ ಸಲವೂ ಅದನ್ನೇ ಕೇಳ್ತಾರೆ. ಆ ಕೆಲಸ ನಿಮಗೆ ಬೇಕೇ ಬೇಕು ಅಂದರೆ ನಿಜವಾದ ಅಂಕಿಯನ್ನೇ ಹೇಳಿ, ಅದೇ ಮೆಸೇಜಲ್ಲಿ "ನನ್ನ ನಿರೀಕ್ಷೆ ಮಾತ್ರ 15ರಿಂದ 17, ಇದರ ಮೇಲಿನ ಹೈಕ್ ಲೆಕ್ಕದಲ್ಲಲ್ಲ" ಅಂತ ಸೇರಿಸಿ. ಬೇಡ ಅಂದರೆ "ಸದ್ಯಕ್ಕೆ ಇಲ್ಲಿಗೆ ಬಿಡೋಣ, ಬಜೆಟ್ ಹೇಳಬಹುದಾದ ಹುದ್ದೆ ಬಂದಾಗ ಖಂಡಿತ ಮೆಸೇಜ್ ಮಾಡಿ" ಅಂತ ಹಾಕಿ. ಇಂಥ ಉತ್ತರ ಕೊಟ್ಟವರ ನಂಬರನ್ನ ನಾನು ಸೇವ್ ಮಾಡಿಟ್ಕೊಂಡು, ಬೇರೆ ಹುದ್ದೆ ಬಂದಾಗ ಕರೆದಿದ್ದೂ ಇದೆ.