ಸ್ಕ್ರಿಪ್ಟ್ ಓದಿಸಿದ ಮೇಲೆ ಏನು ಕೇಳಬೇಕು?

ಪ್ರಶ್ನೆ: ಹೊಸ ನಾಟಕ ಓದಿಸಿದೆ, ಎಲ್ಲರೂ ‘ಚೆನ್ನಾಗಿದೆ’ ಅಂದು ಹೋದರು. ಕೆಲಸಕ್ಕೆ ಬರುವ ಅಭಿಪ್ರಾಯ ಪಡೆಯುವುದು ಹೇಗೆ?

ಅಭಿಪ್ರಾಯ ಕೇಳಬೇಡಿ, ಕಥೆ ಹೇಳಿಸಿ. ಓದು ಮುಗಿದ ತಕ್ಷಣ, ಕಾಫಿಗೂ ಮುಂಚೆ, ಎಲ್ಲರಿಗೂ ಚೀಟಿ ಕೊಟ್ಟು ‘ಏನಾಯ್ತು? ಎಲ್ಲಿ ಗಮನ ತಪ್ಪಿತು?’ ಇಷ್ಟೇ ಬರೆಸಿ. ನಿಮಗೆ ಬೇಜಾರಾಗಬಾರದೆಂದು ಹೊಗಳುವವರೂ ನೆನಪಿನಲ್ಲಿ ಉಳಿಯದ್ದನ್ನು ಬರೆಯಲಾರರು. ಬಾಯಲ್ಲಿ ಹೇಳಿಸಿದರೆ ಮೊದಲು ಮಾತಾಡಿದವರ ಹಿಂದೆಯೇ ಉಳಿದವರೂ ಹೋಗುತ್ತಾರೆ. ಅದಕ್ಕೇ ಚೀಟಿ.

ಜಯನಗರದ ನಮ್ಮ ಮನೆಯಲ್ಲಿ ನನ್ನ ನಾಟಕದ ಓದನ್ನು ಆರು ಜನ ಕೇಳಿದ್ದರು. ಅಪ್ಪ ಸೈಟು ಮಾರಿದ್ದು ಮಗಳಿಗೆ ಗೊತ್ತಾಯಿತು ಅಂತ ಬರೆದವರು ಇಬ್ಬರೇ. ಸ್ಕ್ರಿಪ್ಟ್ ತಿರುವಿದರೆ, ಅವಳು ಕ್ರಯಪತ್ರ ನೋಡುವುದು ರಂಗಸೂಚನೆಯಲ್ಲಿತ್ತು. ಅದನ್ನು ಓದಲು ನಾನು ಯಾರನ್ನೂ ಕೂರಿಸಿರಲಿಲ್ಲ! ಪಾತ್ರವಿಲ್ಲದ ಒಬ್ಬರಿಗೆ ಆ ಕೆಲಸ ಕೊಡಿ.

ನೀವು ಮಾತ್ರ ಓದಬೇಡಿ. ಬರೆಯದೇ ಬಿಟ್ಟಿದ್ದನ್ನು ನಿಮ್ಮ ದನಿಯೇ ತುಂಬಿಬಿಡುತ್ತದೆ, ಅಲ್ವಾ? ಮೂಲೆಯಲ್ಲಿ ಕೂತು, ಕೇಳುವವರು ಮೊಬೈಲ್ ನೋಡಿದ, ಕುರ್ಚಿಯಲ್ಲಿ ಅಲುಗಾಡಿದ ಕಡೆ ಪೆನ್ಸಿಲ್ ಗೆರೆ ಹಾಕಿ. ಗೆರೆ, ಚೀಟಿ ಎರಡೂ ಒಂದೇ ದೃಶ್ಯ ತೋರಿಸಿದರೆ ಅಲ್ಲಿ ಕತ್ತರಿ ಆಡಿಸಿ. ಒಬ್ಬರೇ ಹೇಳಿದ್ದಾದರೆ ಸುಮ್ನೆ ಬರೆದಿಟ್ಟುಕೊಂಡು ಮುಂದಿನ ಓದಿನಲ್ಲಿ ನೋಡಿ.