ಮತ್ತೆ ಮತ್ತೆ ಮಾಡಿ ನೋಡೋದು ಬೇರೆ, ತಾಳೆ ನೋಡೋದು ಬೇರೆ

ಈ ಥರದ ಕೇಸು ಸೈಕಾಲಜಿ ಕೆಲಸದಲ್ಲಿರೋ ನನ್ನ ಹತ್ರ ಪದೇ ಪದೇ ಬರ್ತಿದೆ, ಅದಕ್ಕೇ ಬರೀತಿದೀನಿ. ಲೆಕ್ಕದ ಟೀಚರ್‌ಗಳು, ಅಕೌಂಟ್ಸ್ ನೋಡೋರು, ಒಟ್ನಲ್ಲಿ ಉದ್ದದ ಪಟ್ಟಿ ಒಂದನ್ನ ತಯಾರು ಮಾಡಿ ಇನ್ನೊಬ್ಬರ ಕೈಗೆ ಕೊಡಬೇಕಾದವ್ರು ಬಂದು ಕೂತು ಹೇಳೋದು ಒಂದೇ ಮಾತು, "ಎಷ್ಟು ಸಲ ಚೆಕ್ ಮಾಡಿದ್ರೂ ಸಮಾಧಾನ ಇಲ್ಲ". ಕೆಳಗೆ ಹೇಳಿರೋದು ಅವ್ರಲ್ಲಿ ಒಬ್ಬರ ವಿಷ್ಯ. ಅವರನ್ನ ಕೇಳಿ, ಒಪ್ಪಿಗೆ ತಗೊಂಡೇ ಬರೀತಿದೀನಿ. ಗುರುತು ಸಿಗೋ ವಿವರಗಳನ್ನ ಬದಲಾಯಿಸಿದೀನಿ.

ವಯಸ್ಸು ಇಪ್ಪತ್ತೈದರ ಆಸುಪಾಸು, ಒಂದು ಟ್ಯೂಶನ್ ಸೆಂಟರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳ್ಕೊಡ್ತಾರೆ. ವಾರಕ್ಕೊಂದು ರಿವಿಶನ್ ಪೇಪರ್, 40 ಲೆಕ್ಕ, ಅದರ ಕೀ ಆನ್ಸರ್ ಇವರೇ ಮಾಡಿ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಕು. ಒಂದು ಸಲ ಕೀ ಆನ್ಸರಲ್ಲಿ ಎರಡು ಉತ್ತರ ತಪ್ಪಿತ್ತು, ಒಬ್ಬ ಮಗುವಿನ ಅಪ್ಪ ಗ್ರೂಪಲ್ಲೇ ಎಲ್ಲರೆದುರು ಕೇಳಿದ್ರು. ಅಲ್ಲಿಂದ ಇವ್ರು ಪ್ರತಿ ಪೇಪರನ್ನೂ ಮೊದಲಿಂದ ಕೊನೆವರೆಗೂ ಮೂರು ಸಲ ನಾಲ್ಕು ಸಲ ಬಿಡಿಸೋಕೆ ಶುರು ಮಾಡಿದ್ರು, ರಾತ್ರಿ ಒಂದು ಗಂಟೆ ಎರಡು ಗಂಟೆ ಆಗ್ತಿತ್ತು, ಮಲಗಿದ್ರೂ 17ನೇ ಲೆಕ್ಕದಲ್ಲಿ ಮೈನಸ್ ಹಾಕಿದ್ನಾ ಇಲ್ವಾ ಅಂತ ಎದ್ದು ಮತ್ತೆ ನೋಟ್‌ಬುಕ್ ತೆಗೀತಿದ್ರು. ಇಷ್ಟೆಲ್ಲಾ ಮಾಡಿದ್ಮೇಲೂ ಇನ್ನೊಂದು ತಪ್ಪು ಹೋಯ್ತು. ನನ್ನ ಹತ್ರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ.

ಮೊದಲೆರಡು ಸಲ ನಾವು ಮಾತಾಡಿದ್ದು ನಿದ್ದೆ, ಮನೆ, ಆ ಅವಮಾನದ ಬಗ್ಗೆ. ಅದನ್ನ ಇಲ್ಲಿ ಬೆಳೆಸಲ್ಲ. ಬಾಗಿಲು ಚಿಲಕ, ಗ್ಯಾಸು, ಕೈ ತೊಳೆಯೋದು ಇವುಗಳಲ್ಲೂ ಹೀಗೇ ಆಗುತ್ತಾ ಅಂತ ವಿವರವಾಗಿ ಕೇಳಿದೆ, ಇಲ್ಲ, ಬರೀ ಕೀ ಆನ್ಸರಲ್ಲಿ ಮಾತ್ರ ಅಂದ್ರು. ಇದು ಮುಖ್ಯ, ಯಾಕಂತ ಆಮೇಲೆ ಹೇಳ್ತೀನಿ.

ಮೂರನೇ ಸಲ ಬರುವಾಗ ಆ ವಾರದ ಕೀನೇ ತಗೊಂಡು ಬನ್ನಿ ಅಂದಿದ್ದೆ. ನಾನು ಸೈಕಾಲಜಿಗೆ ಬರೋ ಮುಂಚೆ ಬಿಎಸ್ಸಿಲಿ ಗಣಿತ ಓದಿದೋಳು, ಹಾಗಾಗಿ ಪೇಪರ್ ನೋಡಿದ್ರೆ ತಿಳಿಯುತ್ತೆ. ಯಾವ್ದು ನಿಮ್ಮನ್ನ ತುಂಬಾ ಕಾಡ್ತಿದೆ ಅಂತ ಕೇಳಿದ್ದಕ್ಕೆ, ಚುರುಕಾದ ಮಕ್ಕಳಿಗೆ ಅಂತ ಎಕ್ಸ್‌ಟ್ರಾ ಕೊಟ್ಟಿದ್ದ ಒಂದು ಲೆಕ್ಕ ತೋರಿಸಿದ್ರು:

√(2x + 3) = x

ಬಿಡಿಸಿದ್ದ ಕ್ರಮ ನೀಟಾಗಿತ್ತು. ಎರಡೂ ಕಡೆ ವರ್ಗ ಮಾಡಿದ್ರೆ 2x + 3 = x², ಒಂದು ಕಡೆಗೆ ತಂದ್ರೆ x² − 2x − 3 = 0, ಅಪವರ್ತಿಸಿದ್ರೆ (x − 3)(x + 1) = 0, ಉತ್ತರ 3 ಮತ್ತು −1. "ಮೇಡಂ ಮೂರು ಸಲ ಮಾಡಿದೀನಿ, ಮೂರು ಸಲನೂ ಇದೇ ಬಂತು, ಆದ್ರೂ ನಂಬಿಕೆ ಬರ್ತಿಲ್ಲ, ನನಗೇನೋ ಆಗಿದೆ ಅನ್ಸುತ್ತೆ" ಅಂದ್ರು.

ನಾನು ಅಂದೆ, "ನಿಮಗೇನೂ ಆಗಿಲ್ಲ, ನಾಲ್ಕನೇ ಸಲ ಬಿಡಿಸೋದು ಬೇಡ, ಪೆನ್ ತಗೊಂಡು ಪ್ರಶ್ನೆ ಪೇಪರಲ್ಲಿ ಪ್ರಿಂಟ್ ಆಗಿರೋ ಸಮೀಕರಣದಲ್ಲೇ x ಜಾಗಕ್ಕೆ 3 ಹಾಕಿ ನೋಡಿ." ಹಾಕಿದ್ರು. ಎಡಗಡೆ √9, ಅಂದ್ರೆ 3, ಬಲಗಡೆ 3. ಸರಿ ಹೋಯ್ತು. "ಈಗ −1 ಹಾಕಿ." ಎಡಗಡೆ √1, ಅಂದ್ರೆ 1. ಬಲಗಡೆ −1. ಪೆನ್ ಅಲ್ಲೇ ನಿಂತ್ಬಿಡ್ತು.

−1 ಆ ಸಮೀಕರಣದ ಉತ್ತರನೇ ಅಲ್ಲ. ವರ್ಗ ಮಾಡಿದಾಗ 1 ಮತ್ತು −1 ನಡುವಿನ ವ್ಯತ್ಯಾಸ ಅಳಿಸಿ ಹೋಗುತ್ತೆ, ಅದಕ್ಕೇ ಆ ಹೆಜ್ಜೇಲಿ ಇಲ್ಲದ ಉತ್ತರ ಒಂದು ಒಳಗೆ ಸೇರ್ಕೊಳ್ಳುತ್ತೆ. ಅವ್ರು ತಪ್ಪು ಲೆಕ್ಕ ಮಾಡಿರಲಿಲ್ಲ, ಒಂದೊಂದು ಸಾಲೂ ಸರಿಯಾಗೇ ಇತ್ತು, ಅದಕ್ಕೇ ಎಷ್ಟು ಸಲ ಅದೇ ದಾರೀಲಿ ಹೋದ್ರೂ ಅದೇ ಬರ್ತಿತ್ತು, ನೂರು ಸಲ ಮಾಡಿದ್ರೂ ಬರ್ತಿತ್ತು.

ಸ್ವಲ್ಪ ಹೊತ್ತಾದ್ಮೇಲೆ ಅವ್ರು ಒಂದು ಮಾತು ಹೇಳಿದ್ರು: "ಹಾಗಾದ್ರೆ ನಾನು ಇಷ್ಟು ದಿನ ಚೆಕ್ಕೇ ಮಾಡಿಲ್ಲ ಮೇಡಂ, ಬರೀ ಇನ್ನೊಂದ್ಸಲ ಬಿಡಿಸಿದೀನಿ."

ಇಡೀ ಕೇಸಲ್ಲಿ ತಿರುವು ಅಂದ್ರೆ ಇದೇ. ಅವ್ರ ಅನುಮಾನ ರೋಗ ಅಲ್ಲ, ಅದಕ್ಕೆ ಸಿಗಬೇಕಾಗಿದ್ದ ಉತ್ತರ ಸಿಕ್ಕಿರಲಿಲ್ಲ ಅಷ್ಟೇ. ಮೂರು ಸಲ ಒಂದೇ ಉತ್ತರ ಬಂದ್ರೆ ಗೊತ್ತಾಗೋದು ಕೈ ತಪ್ಪಿಲ್ಲ ಅಂತ ಮಾತ್ರ, ಉತ್ತರ ಸರಿ ಅಂತಲ್ಲ. ಬೆಲೆ ಹಾಕಿ ನೋಡಿದಾಗ ಮಾತ್ರ ಎರಡು ಕಡೆ ಸಮ ಇದೆ ಅಥವಾ ಇಲ್ಲ ಅಂತ ಒಂದು ತೀರ್ಮಾನ ಸಿಗುತ್ತೆ, ಅಲ್ಲಿಗೆ ಆ ಲೆಕ್ಕ ಮುಗೀತು.

ಹಾಕೋದು ಎಲ್ಲಿ ಅನ್ನೋದ್ರಲ್ಲೂ ವಿಷ್ಯ ಇದೆ. ಇದೇ −1ನ್ನ ಎರಡನೇ ಸಾಲಲ್ಲಿ, ಅಂದ್ರೆ x² − 2x − 3 ರಲ್ಲಿ ಹಾಕಿ ನೋಡಿ, 1 + 2 − 3 = 0, ಸರಿ ಅಂತಲೇ ಹೇಳುತ್ತೆ. ಅದಕ್ಕೇ ನಾನು ಪ್ರಿಂಟ್ ಆಗಿರೋ ಪ್ರಶ್ನೆಲೇ ಹಾಕಿ ಅಂತ ಹಠ ಹಿಡಿಯೋದು. ನೋಟ್‌ಬುಕ್ಕಿಗೆ ಪ್ರಶ್ನೆ ಇಳಿಸ್ಕೊಳ್ಳುವಾಗಲೇ 5ನ್ನ 3 ಅಂತ ಬರ್ಕೊಂಡಿದ್ರೆ, ನೋಟ್‌ಬುಕ್ಕಲ್ಲಿ ಹಾಕಿ ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಹಾಗೇ ಹಾಕೋ ಉತ್ತರನೂ ಕೊನೆಯ ಪಟ್ಟಿಲಿ ಟೈಪ್ ಆಗಿರೋದೇ ಆಗಿರ್ಬೇಕು, ರಫ್ ವರ್ಕಲ್ಲಿ ಇರೋದಲ್ಲ. ಇವ್ರ ಮೊದಲ ಎರಡು ತಪ್ಪಲ್ಲಿ ಒಂದು ಹೀಗೇ ಆಗಿದ್ದು, ರಫಲ್ಲಿ −4 ಇತ್ತು, ಪಟ್ಟಿಲಿ 4 ಆಗಿತ್ತು.

ಆಮೇಲೆ ಅವ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ, "ಕ್ಷೇತ್ರಗಣಿತದಲ್ಲಿ x ಎಲ್ಲಿದೆ ಮೇಡಂ, ಏನನ್ನ ಹಾಕಿ ನೋಡ್ಲಿ?" ಅಲ್ಲಿ ಅಂದಾಜು. ಅವ್ರ ಎರಡನೇ ತಪ್ಪನ್ನೇ ತಗೊಂಡ್ವಿ. ಸಿಲಿಂಡರಿನ ವ್ಯಾಸ 7 ಸೆಂ.ಮೀ., ಎತ್ತರ 10 ಸೆಂ.ಮೀ., ಘನಫಲ ಎಷ್ಟು. ಕೀ ಆನ್ಸರಲ್ಲಿ ಇದ್ದಿದ್ದು 1540. ವ್ಯಾಸನ ತ್ರಿಜ್ಯ ಅಂತ ತಗೊಂಡು 22/7 × 49 × 10 ಮಾಡಿದ್ರು. ಇದನ್ನೂ ಎಷ್ಟು ಸಲ ಗುಣಿಸಿದ್ರೂ 1540ನೇ ಬರೋದು. ಆದ್ರೆ ಆ ಸಿಲಿಂಡರನ್ನ ಒಂದು ಪೆಟ್ಟಿಗೆ ಒಳಗೆ ಇಟ್ಟಂಗೆ ಯೋಚನೆ ಮಾಡಿ, ತಳ 7 × 7, ಎತ್ತರ 10, ಪೆಟ್ಟಿಗೆಯ ಘನಫಲವೇ 490. ಒಳಗಿರೋದು ಹೊರಗಿನ ಪೆಟ್ಟಿಗೆಗಿಂತ ದೊಡ್ಡದಾಗೋಕೆ ಸಾಧ್ಯನೇ ಇಲ್ಲ. ಸಿಲಿಂಡರ್ ಅಂಥ ಪೆಟ್ಟಿಗೆಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತುಂಬುತ್ತೆ, 490ರಲ್ಲಿ ಮುಕ್ಕಾಲು ಅಂದ್ರೆ 367 ಚಿಲ್ಲರೆ, ಹಾಗಾಗಿ ಉತ್ತರ ಅದಕ್ಕಿಂತ ತುಸು ಮೇಲೆ ಇರ್ಬೇಕು. ಸರಿಯಾದ ಉತ್ತರ 385 ಘನ ಸೆಂ.ಮೀ. ಇದಕ್ಕೆ ಅರ್ಧ ನಿಮಿಷ ಸಾಕು.

ಅಂದಾಜಿಗೆ ಮಿತಿ ಇದೆ, ಅದನ್ನೂ ಅವ್ರಿಗೆ ಹೇಳಿದೆ. 385 ಬದಲು 395 ಬಂದಿದ್ರೆ ಈ ಪೆಟ್ಟಿಗೆ ಲೆಕ್ಕ ಹಿಡೀತಿರಲಿಲ್ಲ. ಅದು ಹಿಡಿಯೋದು ವ್ಯಾಸ ತ್ರಿಜ್ಯ ಅದಲು ಬದಲಾಗಿದ್ದು, ಸೊನ್ನೆ ಜಾಸ್ತಿ ಆಗಿದ್ದು, ಮೀಟರ್ ಸೆಂಟಿಮೀಟರ್ ಕಲಸಿ ಹೋಗಿದ್ದು, ಇಂಥ ದೊಡ್ಡ ತಪ್ಪುಗಳನ್ನ. ಬೆಲೆ ಹಾಕಿ ನೋಡೋದಕ್ಕೂ ಮಿತಿ ಇದೆ. x² = 5x ಅಂತ ಕೊಟ್ಟಾಗ ಎರಡೂ ಕಡೆ x ಇಂದ ಭಾಗಿಸಿ 5 ಅಂತ ಬರೆದ್ರೆ, 5 ಹಾಕಿದಾಗ 25 = 25, ತಾಳೆ ಆಗುತ್ತೆ. ಆದ್ರೆ 0 ಕೂಡ ಉತ್ತರ, ಅದು ಕಳೆದು ಹೋಗಿದೆ. ಬರೆದಿರೋ ಉತ್ತರ ಸರಿ ಅಂತ ಈ ಪರೀಕ್ಷೆ ಹೇಳುತ್ತೆ, ಎಲ್ಲಾ ಉತ್ತರ ಬರೆದಿದೀರಾ ಅಂತ ಹೇಳಲ್ಲ. ಹಾಗಾಗಿ ವರ್ಗಸಮೀಕರಣ ಆದ್ರೆ ಅದನ್ನ ax² + bx + c = 0 ಅಂತ ಬರ್ಕೊಂಡು ಮೂಲಗಳ ಮೊತ್ತ −b/a, ಗುಣಲಬ್ಧ c/a ಬರುತ್ತಾ ಅಂತಾನೂ ನೋಡ್ಬೇಕು. ಇಲ್ಲಿ ಗುಣಲಬ್ಧ 0 ಬರ್ಬೇಕು, 5 ಒಂದನ್ನೇ ಬರೆದಿದ್ರೆ ಇನ್ನೊಂದು ಎಲ್ಲಿ ಅಂತ ಅಲ್ಲೇ ಕೇಳ್ಕೋಬಹುದು.

ಕೊನೆಗೆ ಕೊಟ್ಟ ಸಲಹೆ ಹೀಗೆ. ಒಂದು ಲೆಕ್ಕನ ಒಂದೇ ಸಲ ಬಿಡಿಸಿ. ಪಟ್ಟಿ ಟೈಪ್ ಮಾಡಿದ್ಮೇಲೆ ಪ್ರಶ್ನೆ ಪೇಪರ್ ಎಡಗಡೆ, ಪಟ್ಟಿ ಬಲಗಡೆ ಇಟ್ಕೊಂಡು ಒಂದೊಂದೇ ಉತ್ತರನ ಹಾಕಿ ಅಥವಾ ಅಂದಾಜು ಮಾಡಿ ನೋಡಿ. ತಾಳೆ ಆದ್ರೆ ಟಿಕ್ ಹಾಕಿ, ಟಿಕ್ ಬಿದ್ದಿದ್ದನ್ನ ಮತ್ತೆ ಮುಟ್ಟೋ ಹಾಗಿಲ್ಲ. ಆಗದಿದ್ರೆ ಸುತ್ತು ಹಾಕಿ ಮುಂದೆ ಹೋಗಿ, ಅಲ್ಲೇ ಕೂತು ಸರಿ ಮಾಡೋಕೆ ಹೋಗ್ಬೇಡಿ, ಆ ಗಡಿಬಿಡೀಲಿ ಮುಂದಿನ ಲೆಕ್ಕದ ಮೇಲೆ ಗಮನ ಇರಲ್ಲ. ಸುತ್ತು ಹಾಕಿದ್ದೆಲ್ಲಾ ಕೊನೆಗೆ.

ಇದಕ್ಕೆ ನನ್ನ ಜೊತೆ ಕೆಲಸ ಮಾಡೋ ಹಿರಿಯರೊಬ್ಬರು ಆಕ್ಷೇಪ ಎತ್ತಿದ್ರು. ಚೆಕ್ ಮಾಡಿ ಮಾಡಿ ಸುಸ್ತಾಗಿರೋರಿಗೆ ಚೆಕ್ ಮಾಡು ಅಂತಾನೇ ಹೇಳಿ ಕಳಿಸಿದ್ರೆ ಹೇಗೆ, ಬೆಂಕಿಗೆ ತುಪ್ಪ ಸುರಿದ ಹಾಗಲ್ವಾ ಅಂತ. ಆಕ್ಷೇಪಕ್ಕೆ ಆಧಾರ ಇದೆ. 2003ರಲ್ಲಿ ವ್ಯಾನ್ ಡೆನ್ ಹೌಟ್ ಮತ್ತು ಕಿಂಟ್ ಅನ್ನೋ ಸಂಶೋಧಕರು ಕಂಪ್ಯೂಟರ್ ಮೇಲೆ ತೋರಿಸಿದ ಗ್ಯಾಸ್ ಸ್ಟವ್‌ನ ಆರೋಗ್ಯವಂತರ ಕೈಲೇ ಪದೇ ಪದೇ ಚೆಕ್ ಮಾಡಿಸಿ ನೋಡಿದ್ರು. ನೆನಪು ಹೆಚ್ಚು ಕಮ್ಮಿ ಸರಿಯಾಗೇ ಇತ್ತು, ಆದ್ರೆ ಅದು ಮಸುಕಾಯ್ತು, ತಮ್ಮ ನೆನಪಿನ ಮೇಲೆ ಅವ್ರಿಗಿದ್ದ ನಂಬಿಕೆ ಬಿದ್ದು ಹೋಯ್ತು. ಅಂದ್ರೆ ಮತ್ತೆ ಮತ್ತೆ ಅದನ್ನೇ ನೋಡೋದೇ ಅನುಮಾನನ ಬೆಳೆಸುತ್ತೆ. ನನ್ನ ಸಲಹೆ ನಿಂತಿರೋದೂ ಇದರ ಮೇಲೇ. ನಾನು ಅವ್ರಿಗೆ ಇನ್ನೊಂದು ಚೆಕ್ ಸೇರಿಸಿಲ್ಲ, ಮೂರು ನಾಲ್ಕು ಸಲದ್ದನ್ನ ತೆಗೆದು ಒಂದು ಇಟ್ಟಿದೀನಿ, ಅದೂ ಬೇರೆ ದಾರಿಯದ್ದು, ನೆನಪನ್ನ ನಂಬ್ಕೊಳ್ಳೋ ಅಗತ್ಯ ಇಲ್ಲದ್ದು, ಟಿಕ್ ಕಾಗದದ ಮೇಲೇ ಇರುತ್ತೆ. "ಬಿಡಿ, ತಪ್ಪಾದ್ರೆ ಏನಾಯ್ತು" ಅಂತ ಹೇಳಿ ಕಳಿಸೋದು ನನ್ನಿಂದ ಆಗಲ್ಲ, ಆ ಕೀ ನೋಡ್ಕೊಂಡು ಒಂದು ಮಗು ತನ್ನ ಸರಿ ಉತ್ತರನ ಹೊಡೆದು ಹಾಕುತ್ತೆ.

ಆದ್ರೆ ಚಿಲಕ, ಗ್ಯಾಸು, ಲೆಕ್ಕ ಎಲ್ಲದರಲ್ಲೂ ಹೀಗೇ ಆಗ್ತಿದ್ರೆ, ಅಥವಾ ಟಿಕ್ ಬಿದ್ದಿದ್ದನ್ನೇ ಮತ್ತೆ ಮತ್ತೆ ನೋಡದೆ ಇರೋಕೆ ಆಗ್ತಿಲ್ಲ ಅಂದ್ರೆ ಈ ಸಲಹೆ ನಿಮಗಲ್ಲ. ಅದು ಒಂದೇ ಯೋಚನೆ, ಒಂದೇ ಕೆಲಸ ಬಿಡದೆ ಕಾಡೋ ಒಸಿಡಿ ಅನ್ನೋ ಕಾಯಿಲೆ ಇರಬಹುದು, ಮನೋವೈದ್ಯರನ್ನ ನೋಡ್ಲೇಬೇಕು. ಎಲ್ಲಿ ಹೋಗೋದು ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಮೊದಲೇ ಅಷ್ಟೆಲ್ಲಾ ಕೇಳಿದ್ದು ಇದಕ್ಕೇ.

ಇವ್ರಿಗೆ ಟಿಕ್ ಬಿದ್ದಿದ್ದನ್ನ ಬಿಡೋದು ಶುರುವಲ್ಲಿ ಕಷ್ಟ ಆಯ್ತು, ಎರಡು ಮೂರು ವಾರ ತಗೊಂಡ್ತು. ಈಗ ಬಿಡಿಸೋದು ಒಂದು ಸಂಜೆ, ತಾಳೆ ನೋಡೋದು ಮಾರನೇ ದಿನ ಬೆಳಿಗ್ಗೆ, ರಾತ್ರಿ ನೋಟ್‌ಬುಕ್ ತೆಗೆಯಲ್ಲ. ಸೆಂಟರಿನವರ ಹತ್ರ ಮಾತಾಡಿ ಕೀ ಹಾಕೋಕೆ ಒಂದು ದಿನ ಹೆಚ್ಚು ಕೇಳ್ಕೊಂಡ್ರು, ಒಪ್ಪಿದ್ರು. ರೇಖಾಗಣಿತದ ಸಾಧನೆಗಳಿಗೆ ಹಾಕಿ ನೋಡೋದೂ ಇಲ್ಲ ಅಂದಾಜೂ ಇಲ್ಲ, ಅವನ್ನ ಇನ್ನೊಬ್ಬ ಟೀಚರ್‌ಗೆ ಓದೋಕೆ ಕೊಡ್ತಾರೆ, ಅವ್ರು ಓದಿ ಕೊಡೋವರೆಗೂ ಪಟ್ಟಿಲಿ ಆ ನಂಬರಿನ ಎದುರಿಗೆ "ನಾಳೆ" ಅಂತ ಬರೆದು ಉಳಿದಿದ್ದನ್ನ ಗ್ರೂಪಿಗೆ ಹಾಕ್ತಾರೆ.